ಬಿಳಿ ಕೋಟಿನ ಎದುರು ಏರುವ ಪಾದರಸ

1980ರ ದಶಕದ ಆರಂಭ. ಇಟಲಿಯ ಮಿಲಾನ್ ನಗರದ ಒಂದು ಆಸ್ಪತ್ರೆ. ಹಾಸಿಗೆಯಲ್ಲಿ ಮಲಗಿದ ರೋಗಿಯ ಒಂದು ಕೈಯ ರಕ್ತನಾಳದೊಳಗೆ ಸಪೂರದ ನಳಿಗೆಯೊಂದು ಕೂತಿದೆ. ಅದು ಪ್ರತಿ ಬಡಿತದ ರಕ್ತದೊತ್ತಡವನ್ನೂ ಹಗಲು ರಾತ್ರಿ ಬಿಡದೆ ದಾಖಲಿಸುತ್ತಿದೆ. ಪಟ್ಟಿ ಕಟ್ಟಿ ಗಾಳಿ ತುಂಬುವ ಕೆಲಸವೇ ಇಲ್ಲ, ಹಾಗಾಗಿ ರೋಗಿಗೆ ತನ್ನ ಬಿಪಿ ಅಳೆಯುತ್ತಿದ್ದಾರೆ ಅನ್ನುವ ನೆನಪೂ ಇರುವುದಿಲ್ಲ. ಆಗ ಬಾಗಿಲು ತೆರೆದು ಪರಿಚಯವಿಲ್ಲದ ಒಬ್ಬ ಡಾಕ್ಟರು ಒಳಗೆ ಬರುತ್ತಾರೆ. ಇನ್ನೊಂದು ಕೈಗೆ ಮಾಮೂಲಿ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಸುಮಾರು ಹತ್ತು ಹದಿನೈದು ನಿಮಿಷ ಇದ್ದು ಹೊರಡುತ್ತಾರೆ.

ಜುಸೆಪ್ಪೆ ಮಾನ್ಚಿಯಾ ಮತ್ತು ಸಂಗಡಿಗರು ಹೀಗೆ 48 ಜನರ ಮೇಲೆ ನೋಡಿ, ಫಲಿತಾಂಶವನ್ನು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಾಕ್ಟರು ಬಂದ ಮೊದಲ ನಾಲ್ಕು ನಿಮಿಷಗಳೊಳಗೆ ಒತ್ತಡ ಸರ್ರನೆ ಏರಿತ್ತು. ಮೇಲಿನ ಸಂಖ್ಯೆ ಸರಾಸರಿ 27, ಕೆಳಗಿನದು 15 ಮಿಲಿಮೀಟರ್! ಹತ್ತು ನಿಮಿಷ ಕಳೆಯುವ ಹೊತ್ತಿಗೆ ಏರಿದ್ದರಲ್ಲಿ ಬಹುಪಾಲು ಇಳಿದಿತ್ತು. ಅದೇ ಡಾಕ್ಟರು ಮತ್ತೊಮ್ಮೆ ಬಂದರೆ ಅಭ್ಯಾಸವಾಗಿ ಕಡಿಮೆ ಆಗುತ್ತದಾ ಅಂತ ನೋಡಿದರು. ಹಾಗೇನೂ ಆಗಲಿಲ್ಲ. ಕೆಲವು ವರ್ಷಗಳ ನಂತರ ಅದೇ ತಂಡ ಡಾಕ್ಟರ ಜಾಗಕ್ಕೆ ನರ್ಸನ್ನು ಕಳಿಸಿ ನೋಡಿತು. ಏರಿಕೆ ಅರ್ಧಕ್ಕರ್ಧ ಕಡಿಮೆ.

ಇದರ ಅರ್ಥ ಸ್ವಲ್ಪ ಯೋಚಿಸಿ. ನಾವೆಲ್ಲ ಬಿಪಿ ಅಂತ ಕರೆಯುವ ಸಂಖ್ಯೆಯನ್ನು ಅಳೆಯುತ್ತಿದ್ದದ್ದೇ ಆ ಮೊದಲ ನಾಲ್ಕೈದು ನಿಮಿಷಗಳಲ್ಲಿ. ಟೋಕನ್ ಹಿಡಿದು ಕಾದು, ಒಳಗೆ ಹೋಗಿ, ಕೂತು, ತೋಳು ಮಡಚಿ ಕೈ ಚಾಚುವ ಹೊತ್ತಿಗೆ ಸರಿಯಾಗಿ ಒತ್ತಡ ಶಿಖರದಲ್ಲಿರುತ್ತದೆ. ಆ ಸಂಖ್ಯೆಯನ್ನು ನೋಡಿಯೇ ಜೀವನಪೂರ್ತಿ ನುಂಗುವ ಮಾತ್ರೆ ಬರೆಯಬೇಕೋ ಬೇಡವೋ ಅಂತ ತೀರ್ಮಾನವಾಗುತ್ತಿತ್ತು. ಈಗಲೂ ಎಷ್ಟೋ ಕಡೆ ಆಗುತ್ತದೆ.

ಅನುಮಾನವೇನೂ ಹೊಸದಲ್ಲ. ತೋಳಿಗೆ ಪಟ್ಟಿ ಸುತ್ತಿ ಪಾದರಸ ಏರಿಸುವ ಉಪಕರಣವನ್ನು 1896ರಲ್ಲಿ ಕೊಟ್ಟವರು ಇಟಲಿಯವರೇ ಆದ ರೀವಾ-ರೋಚ್ಚಿ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದಕ್ಕೆ ಸ್ಟೆತಸ್ಕೋಪ್ ಜೋಡಿಸಿ ಶಬ್ದ ಕೇಳುವ ವಿಧಾನ ಕೊಟ್ಟ ಮೇಲೆ ಅದು ಜಗತ್ತಿನ ಎಲ್ಲ ಕ್ಲಿನಿಕ್ಕುಗಳ ಮೇಜಿಗೂ ಬಂತು. 1940ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಐಮನ್ ಮತ್ತು ಗೋಲ್ಡ್‌ಶೈನ್ ಎಂಬ ಇಬ್ಬರು ಡಾಕ್ಟರುಗಳು ರೋಗಿಗಳಿಗೇ ಬಿಪಿ ನೋಡಲು ಕಲಿಸಿ ಮನೆಗೆ ಕಳಿಸಿದರು. ಮನೆಯ ಲೆಕ್ಕ ಕ್ಲಿನಿಕ್ಕಿನದಕ್ಕಿಂತ ಕಡಿಮೆ ಬಂತು, ಕೆಲವರಲ್ಲಿ 40 ಮಿಲಿಮೀಟರಿನಷ್ಟು ಕಡಿಮೆ. ಆದರೆ ಒಂದು ಪ್ರಶ್ನೆ ಉಳಿಯಿತು. ಎರಡು ಸಂಖ್ಯೆ ಸಿಕ್ಕಿತು ಸರಿ, ಹೃದಯ, ಕಿಡ್ನಿ, ಮೆದುಳು ಕೇಳುವುದು ಯಾವ ಸಂಖ್ಯೆಯ ಮಾತನ್ನು?

ಅದಕ್ಕೆ ಉತ್ತರ ಹುಡುಕಿದವರು ಸ್ಯಾನ್ ಫ್ರಾನ್ಸಿಸ್ಕೊದ ಮಾರಿಸ್ ಸೊಕೊಲೊ. 1960ರ ದಶಕದಲ್ಲಿ ಅವರ ಕೈಗೆ ಮೈಮೇಲೆ ಕಟ್ಟಿಕೊಂಡು ಓಡಾಡಬಹುದಾದ ಒಂದು ಯಂತ್ರ ಸಿಕ್ಕಿತು. ಪಟ್ಟಿಗೆ ರೋಗಿಯೇ ಗಾಳಿ ತುಂಬಬೇಕು, ಅದರೊಳಗಿನ ಮೈಕ್ ನಾಡಿಯ ಶಬ್ದವನ್ನು ಟೇಪಿನ ಮೇಲೆ ದಾಖಲಿಸುತ್ತಿತ್ತು. ರಾತ್ರಿ ನಿದ್ದೆಯಲ್ಲಿ ಗಾಳಿ ತುಂಬುವವರು ಯಾರು? ಹಾಗಾಗಿ ಅದು ಹಗಲಿನ ಲೆಕ್ಕ ಮಾತ್ರ. ಆದರೂ ಅದು ಸಾಕಾಯಿತು. ಸೊಕೊಲೊ, ಡೊರೊಥಿ ಪರ್ಲಾಫ್ ಮತ್ತಿತರರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1983ರಲ್ಲಿ ವರದಿ ಕೊಟ್ಟರು. ಕ್ಲಿನಿಕ್ಕಿನಲ್ಲಿ ಒಂದೇ ಮಟ್ಟದ ಬಿಪಿ ಇದ್ದ ಜನರಲ್ಲಿ, ಹೊರಗೆ ಓಡಾಡುವಾಗ ಯಾರದು ಕಡಿಮೆ ಇತ್ತೋ ಅವರಿಗೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆ. ಹೊರಗೂ ಯಾರದು ಹೆಚ್ಚಿತ್ತೋ ಅವರಿಗೆ ಹೆಚ್ಚು. ಅಂದ್ರೆ ಅಂಗಾಂಗಗಳು ಲೆಕ್ಕ ಇಡುವುದು ಇಡೀ ದಿನದ್ದು, ಡಾಕ್ಟರೆದುರಿನ ಐದು ನಿಮಿಷದ್ದಲ್ಲ.

ಇಲ್ಲಿಗೆ ಒಂದು ಅಪ್ಪ-ಮಗನ ಕತೆ ಬಂದು ಸೇರುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಜಾರ್ಜ್ ಪಿಕರಿಂಗ್ ಮತ್ತು ರಾಬರ್ಟ್ ಪ್ಲ್ಯಾಟ್ ಎಂಬ ಇಬ್ಬರು ದೊಡ್ಡ ವೈದ್ಯರ ನಡುವೆ ದೀರ್ಘ ವಾಗ್ವಾದ ನಡೆಯಿತು. ಬಿಪಿ ಒಂದು ಪ್ರತ್ಯೇಕ ಕಾಯಿಲೆ, ಕೆಲವರಿಗೆ ಇರುತ್ತದೆ ಕೆಲವರಿಗೆ ಇಲ್ಲ ಅಂದರು ಪ್ಲ್ಯಾಟ್. ಪಿಕರಿಂಗ್ ಒಪ್ಪಲಿಲ್ಲ. ಎತ್ತರ, ತೂಕದ ಹಾಗೆ ಬಿಪಿಯೂ ಜನಸಂಖ್ಯೆಯಲ್ಲಿ ಹರಡಿಕೊಂಡಿದೆ, ಎಲ್ಲಿ ಗೆರೆ ಎಳೆದು ಇಲ್ಲಿಂದಾಚೆ ರೋಗ ಅನ್ನುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅಂದರು. ಇವತ್ತು ಹೆಚ್ಚಿನವರು ಒಪ್ಪುವುದು ಪಿಕರಿಂಗ್ ಮಾತನ್ನೇ.

ಅವರ ಮಗ ಥಾಮಸ್ ಪಿಕರಿಂಗ್ ನ್ಯೂಯಾರ್ಕಿನಲ್ಲಿ ಬಿಪಿ ತಜ್ಞನಾದ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಅಪ್ಪನ ಪ್ರಶ್ನೆಯಾದರೆ, ಅಳೆಯುವುದು ಎಲ್ಲಿ, ಯಾರು ಅನ್ನುವುದು ಮಗನದ್ದು. 1988ರಲ್ಲಿ ಅವನ ತಂಡ, ಕ್ಲಿನಿಕ್ಕಿನಲ್ಲಿ ಬಿಪಿ ಗಡಿಯಲ್ಲಿದ್ದ, ಔಷಧಿ ಶುರುಮಾಡದ 292 ಜನರಿಗೆ ಯಂತ್ರ ಕಟ್ಟಿ ಕಳಿಸಿತು. ಐವರಲ್ಲಿ ಒಬ್ಬರಿಗೆ ಹಗಲಿನ ಸರಾಸರಿ ಪೂರ್ತಿ ಸಾಮಾನ್ಯವಾಗಿತ್ತು. ಆ ಲೇಖನದ ನಂತರ ‘ವೈಟ್ ಕೋಟ್ ಹೈಪರ್‌ಟೆನ್ಷನ್’ ಅನ್ನುವ ಹೆಸರು ಎಲ್ಲರ ಬಾಯಲ್ಲೂ ಬಂತು. ಕ್ಲಿನಿಕ್ಕಿನಲ್ಲಿ 140/90 ಅಥವಾ ಹೆಚ್ಚು, ಹೊರಗೆ ಸಾಮಾನ್ಯ. ಅಷ್ಟೇ ಅದರ ಅರ್ಥ.

ಇದರ ತಿರುಗುಮುರುಗು ಜಾತಿಯೂ ಒಂದಿದೆ. ಡಾಕ್ಟರೆದುರು ಸಾಧು, ಹೊರಗೆ ಹೋದ ಕೂಡಲೇ ಏರುವ ಬಿಪಿ. ಇದಕ್ಕೆ ‘ಮಾಸ್ಕ್ಡ್ ಹೈಪರ್‌ಟೆನ್ಷನ್’, ಅಂದರೆ ಮುಸುಕು ಹೊದ್ದ ಬಿಪಿ ಅಂತ ಥಾಮಸ್ ಪಿಕರಿಂಗ್ 2002ರಲ್ಲಿ ಹೆಸರಿಟ್ಟ. ಎರಡರಲ್ಲಿ ಭಯಪಡಬೇಕಾದ್ದು ಇದಕ್ಕೇ. ವೈಟ್ ಕೋಟಿನವರಿಗಾದರೆ ಒಬ್ಬರಲ್ಲ ಒಬ್ಬರು ಡಾಕ್ಟರು ಬಿಪಿ ಇದೆ ಅಂತ ಹೇಳಿರುತ್ತಾರೆ, ಕನಿಷ್ಠ ಒಂದು ಕಣ್ಣಾದರೂ ಇರುತ್ತದೆ. ಮುಸುಕಿನವರಿಗೆ ಸಿಗುವುದು ‘ನಿಮ್ಮದು ನಾರ್ಮಲ್’ ಅನ್ನುವ ಸರ್ಟಿಫಿಕೇಟು. ಅವರ ಹೃದಯದ ಅಪಾಯ ಮಾತ್ರ, ಎಲ್ಲ ಕಡೆಯೂ ಬಿಪಿ ಹೆಚ್ಚಿರುವವರ ಹತ್ತಿರಕ್ಕೆ ಬರುತ್ತದೆ.

ಇದು ಬಿಳಿ ತೊಗಲಿನವರ ತೊಂದರೆ ಅಂದುಕೊಳ್ಳಬೇಡಿ. ಡಾ. ಉಪೇಂದ್ರ ಕೌಲ್ ಮುಂದಾಳತ್ವದ ‘ಇಂಡಿಯಾ ಹಾರ್ಟ್ ಸ್ಟಡಿ’ಯ ಫಲಿತಾಂಶ 2019ರಲ್ಲಿ ಹೊರಬಂತು. ದೇಶದ 15 ರಾಜ್ಯಗಳಲ್ಲಿ, ಬಿಪಿ ಮಾತ್ರೆ ತೆಗೆದುಕೊಳ್ಳದ 18,918 ಜನರ ಬಿಪಿಯನ್ನು ಮೊದಲು ಕ್ಲಿನಿಕ್ಕಿನಲ್ಲಿ, ನಂತರ ಒಂದು ವಾರ ಮನೆಯಲ್ಲಿ ಅಳೆದು ಹೋಲಿಸಿದ್ದರು. ಮೊದಲ ಭೇಟಿಯ ಲೆಕ್ಕವನ್ನೇ ನಂಬಿದ್ದರೆ ನೂರಕ್ಕೆ ಸುಮಾರು 42 ಜನರ ವಿಷಯದಲ್ಲಿ ತೀರ್ಮಾನ ತಪ್ಪುತ್ತಿತ್ತು. ಅದರಲ್ಲಿ ಸುಮಾರು 24 ವೈಟ್ ಕೋಟ್, 18 ಮುಸುಕು. ಆ ಅಧ್ಯಯನಕ್ಕೆ ದುಡ್ಡು ಹಾಕಿದ್ದು ಒಂದು ಔಷಧ ಕಂಪೆನಿ, ಮತ್ತು ಅದು ನೋಡಿದ್ದು ಕ್ಲಿನಿಕ್ಕಿಗೆ ಬಂದವರನ್ನು. ಹಾಗಾಗಿ ಬೀದಿಯಲ್ಲಿ ಸಿಗುವ ಯಾರಿಗೂ ಈ ಅಂಕಿ ಹಾಗೇ ಹೊಂದುತ್ತದೆ ಅನ್ನಲಾಗದು. ಆದರೂ ತೀರ್ಮಾನ ಎರಡೂ ದಿಕ್ಕಿಗೆ ತಪ್ಪುತ್ತದೆ ಅನ್ನುವುದಂತೂ ಸ್ಪಷ್ಟ.

ಎರಡೂ ದಿಕ್ಕನ್ನು ನಾನು ನೋಡಿದ್ದು ಒಂದೇ ಮನೆಯಲ್ಲಿ, ಬೆಳ್ತಂಗಡಿ ಹತ್ತಿರದ ನನ್ನ ಅತ್ತೆಯ ಮನೆಯಲ್ಲಿ.

ಅತ್ತೆಗೆ 58. ಮೂರು ಸಲ ಕ್ಲಿನಿಕ್ಕಿಗೆ ಹೋದಾಗ ಬಂದದ್ದು 162/96, 158/94, 166/98. ಮಾತ್ರೆ ಶುರುಮಾಡುವ ಮೊದಲು ಒಂದು ದಿನದ ಲೆಕ್ಕ ನೋಡೋಣ ಅಂತ ಅಲ್ಲಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ಮೊದಲು ಎರಡೂ ಕೈಯ ಬಿಪಿ ನೋಡಿದರು. ದೊಡ್ಡ ವ್ಯತ್ಯಾಸವಿದ್ದರೆ ಹೆಚ್ಚಿರುವ ಕೈಗೇ ಕಟ್ಟಬೇಕಾಗುತ್ತದೆ. ಇರಲಿಲ್ಲ, ಹಾಗಾಗಿ ಎಡಗೈಗೆ, ಅಳತೆಗೆ ಸರಿಹೊಂದುವ ಪಟ್ಟಿ ಕಟ್ಟಿದರು. ತೋಳಿಗೆ ಚಿಕ್ಕ ಪಟ್ಟಿಯಾದರೆ ಲೆಕ್ಕ ಸುಳ್ಳೇ ಹೆಚ್ಚು ತೋರಿಸುತ್ತದೆ. ಪಟ್ಟಿಯಿಂದ ಒಂದು ರಬ್ಬರ್ ಕೊಳವೆ, ಅದರ ತುದಿಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಅಂಗೈ ಅಗಲದ ಡಬ್ಬಿ. ಹಗಲು 20 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ಅದು ತಾನಾಗಿ ಗಾಳಿ ತುಂಬಿಕೊಳ್ಳುತ್ತದೆ. ಕೈಯಲ್ಲಿ ಒಂದು ಹಾಳೆ ಕೊಟ್ಟರು. ಮಲಗಿದ್ದು, ಎದ್ದದ್ದು, ಊಟ, ಕೆಲಸ, ಎಲ್ಲದರ ಹೊತ್ತು ಬರೆಯಬೇಕು. ಒಂದೇ ಕಟ್ಟಪ್ಪಣೆ, ಗಾಳಿ ತುಂಬಲು ಶುರುವಾದ ಕೂಡಲೇ ಕೈ ಅಲ್ಲಾಡಿಸದೆ ಸಡಿಲವಾಗಿ ಕೆಳಗೆ ಬಿಡಬೇಕು.

ಯಾಕೆ ಅಂದ್ರೆ ಈ ಡಬ್ಬಿ ಡಾಕ್ಟರ ಹಾಗೆ ಶಬ್ದ ಕೇಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ನಾಡಿಯ ಬಡಿತಕ್ಕೆ ಆ ಗಾಳಿಯಲ್ಲಿ ಸಣ್ಣ ಸಣ್ಣ ಅಲೆ ಏಳುತ್ತವೆ. ಅಲೆ ಅತಿ ದೊಡ್ಡದಾಗುವ ಜಾಗವನ್ನು ಹಿಡಿದು, ಅಲ್ಲಿಂದ ಮೇಲಿನ ಕೆಳಗಿನ ಸಂಖ್ಯೆಗಳನ್ನು ಅದು ಲೆಕ್ಕ ಹಾಕುತ್ತದೆ. ಕೈ ಅಲ್ಲಾಡಿದರೂ ಅಲೆ ಏಳುತ್ತದೆ, ಯಂತ್ರಕ್ಕೆ ಯಾವುದು ನಾಡಿ ಯಾವುದು ಅಲ್ಲಾಟ ಅಂತ ಗೊತ್ತಾಗುವುದಿಲ್ಲ. ಹೃದಯದ ಬಡಿತವೇ ಅಡ್ಡಾದಿಡ್ಡಿ ಇರುವವರಲ್ಲೂ ಇದೇ ಕಾರಣಕ್ಕೆ ಇದರ ಲೆಕ್ಕವನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ಅತ್ತೆ ಬೆಳಿಗ್ಗೆ ಹತ್ತಕ್ಕೆ ಡಬ್ಬಿ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಬಿ.ಸಿ. ರೋಡ್, ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಮನೆಗೆ. ಸಂಜೆ ಫೋನ್ ಮಾಡಿದೆ. “ಎಂತ ಮಾರಾಯ, ಇದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಹಿಂಡ್ತಾ ಉಂಟು. ಅಡಿಕೆ ಸುಲಿಲಿಕ್ಕೂ ಬಿಡುದಿಲ್ಲ” ಅಂದರು.

ಮರುದಿನ ಕಂಪ್ಯೂಟರಿಗೆ ಇಳಿಸಿದಾಗ, ನಿಗದಿಯಾದ 64 ಅಳತೆಗಳಲ್ಲಿ 57 ಸರಿಯಾಗಿದ್ದವು. ಕೆಟ್ಟ ಏಳರಲ್ಲಿ ಐದು ಬಸ್ಸಿನ ಕುಲುಕಾಟದಲ್ಲಿ ಹೋದವು. ನೂರಕ್ಕೆ 70ರಷ್ಟಾದರೂ ಅಳತೆ ಸರಿ ಬರಬೇಕು, ಎಚ್ಚರದ ಹೊತ್ತಿನವು ಕನಿಷ್ಠ 20, ನಿದ್ದೆಯವು ಕನಿಷ್ಠ 7 ಇರಬೇಕು. ಇಲ್ಲದಿದ್ದರೆ ಮತ್ತೆ ಕಟ್ಟಬೇಕು. ಆಸ್ಪತ್ರೆಯಲ್ಲೇ ಬಂದ ಮೊದಲ ಅಳತೆ 156/94. ಮನೆ ಸೇರಿ ಊಟ ಮಾಡಿ ಕೂತ ಮೇಲಿನದು 124/76. ಇಡೀ ದಿನದ ಲೆಕ್ಕ ಹೀಗೆ ಬಂತು: ಎಚ್ಚರವಿದ್ದಾಗ ಸರಾಸರಿ 127/77, ನಿದ್ದೆಯಲ್ಲಿ 111/64, ಇಪ್ಪತ್ನಾಲ್ಕು ಗಂಟೆಯದ್ದು 123/74.

ಗೆರೆ ಎಲ್ಲಿದೆ? ಯುರೋಪಿನ ಮಾರ್ಗಸೂಚಿಯ ಪ್ರಕಾರ ಎಚ್ಚರದ ಸರಾಸರಿ 135/85, ನಿದ್ದೆಯದು 120/70, ಒಟ್ಟು ದಿನದ್ದು 130/80. ಇದಕ್ಕೆ ಮುಟ್ಟಿದರೆ ಅಥವಾ ದಾಟಿದರೆ ಬಿಪಿ ಇದೆ ಅಂತ. ಕ್ಲಿನಿಕ್ಕಿನ 140/90ಕ್ಕಿಂತ ಈ ಗೆರೆಗಳು ಕೆಳಗಿರುವುದನ್ನು ಗಮನಿಸಿ. ಅಮೆರಿಕದವರು 2017ರಿಂದ ಇನ್ನೂ ಕೆಳಗೆ ಎಳೆದಿದ್ದಾರೆ. ಜಾರ್ಜ್ ಪಿಕರಿಂಗ್ ಹೇಳಿದ್ದು ಇದನ್ನೇ ತಾನೆ! ಅತ್ತೆ ಮೂರೂ ಗೆರೆಯ ಒಳಗಿದ್ದರು. ಜೊತೆಗೆ ನಿದ್ದೆಯಲ್ಲಿ ಅವರ ಮೇಲಿನ ಸಂಖ್ಯೆ ನೂರಕ್ಕೆ 13ರಷ್ಟು ಇಳಿದಿತ್ತು. ಆರೋಗ್ಯವಂತರಲ್ಲಿ 10ರಿಂದ 20 ಇಳಿಯುವುದು ವಾಡಿಕೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಆದರೆ ಪೂರ್ತಿ ಬಿಟ್ಟೂ ಕಳಿಸಲಿಲ್ಲ. ವೈಟ್ ಕೋಟ್ ಬಿಪಿ ಇರುವ ಕೆಲವರಲ್ಲಿ ವರ್ಷಗಳು ಕಳೆದಂತೆ ಅದು ನಿಜವಾದ ಬಿಪಿಯಾಗಿ ಬದಲಾಗುತ್ತದೆ, ಹಾಗಾಗಿ ಉಪ್ಪಿನಕಾಯಿ ಕಡಿಮೆ ಮಾಡಿ, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕ ನೋಡಿಸಿ ಅಂದರು.

ಅವರ ಮಗ, ನನಗೆ ಭಾವ, 34 ವರ್ಷ. ಬೆಂಗಳೂರಿನ ಕಂಪೆನಿಯೊಂದಕ್ಕೆ ಮನೆಯಿಂದಲೇ ಕೆಲಸ. ಕ್ಲೈಂಟ್ ಅಮೆರಿಕದವರು, ಹಾಗಾಗಿ ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರರವರೆಗೆ ಲ್ಯಾಪ್‌ಟಾಪ್ ಎದುರು. ನಾಲ್ಕಕ್ಕೆ ಮಲಗಿದರೆ ಏಳುವುದು ಹನ್ನೊಂದಕ್ಕೆ. ಅಮ್ಮನ ಜೊತೆ ಹೋದಾಗ ಅವನದ್ದೂ ನೋಡಿದರು, 128/82. ಯಾರೂ ತಲೆ ಕೆಡಿಸಿಕೊಳ್ಳದ ಸಂಖ್ಯೆ. ಆದರೆ ಡಾಕ್ಟರು ಎರಡು ಪ್ರಶ್ನೆ ಕೇಳಿದರು. ಅಪ್ಪನಿಗೆ ಏನಾಗಿತ್ತು? 55ಕ್ಕೆ ಪಾರ್ಶ್ವವಾಯು. ಸಿಗರೇಟು ಉಂಟಾ? ಕೆಲಸದ ಹೊತ್ತಿನಲ್ಲಿ ನಾಲ್ಕೈದು. ಸೇದುವವರು, ಕೆಲಸದ ಒತ್ತಡ ಇರುವವರು, ಗೊರಕೆಯಲ್ಲಿ ಉಸಿರು ಕಟ್ಟುವವರು, ಸಕ್ಕರೆ ಕಾಯಿಲೆಯವರು, ಕ್ಲಿನಿಕ್ಕಿನ ಲೆಕ್ಕ ಗೆರೆಯ ಹತ್ತಿರ ನಿಂತವರು, ಮುಸುಕಿನ ಬಿಪಿಯನ್ನು ಹುಡುಕಬೇಕಾದ್ದು ಇವರಲ್ಲಿ. ಕಾರಣ ಸರಳ. ಕ್ಲಿನಿಕ್ಕಿನಲ್ಲಿ ಐದು ನಿಮಿಷ ಸುಮ್ಮನೆ ಕೂತಿರುತ್ತಾರೆ. ಸಿಗರೇಟಿಲ್ಲ, ಕಾಲ್ ಇಲ್ಲ, ಡೆಡ್‌ಲೈನ್ ಇಲ್ಲ. ಇಡೀ ದಿನದಲ್ಲಿ ಅವರಿಗೆ ಅದೇ ಅತ್ಯಂತ ನೆಮ್ಮದಿಯ ಹೊತ್ತು!

ಭಾವನಿಗೂ ಡಬ್ಬಿ ಕಟ್ಟಿದರು, ರಜೆಯ ದಿನವಲ್ಲ, ಕೆಲಸದ ದಿನವೇ ನೋಡಿ. ಮರುದಿನ ತೆರೆದಾಗ ತಂತ್ರಾಂಶ ಮೊದಲು ಕೊಟ್ಟ ವರದಿ ವಿಚಿತ್ರವಾಗಿತ್ತು. ಹಗಲು ಕಡಿಮೆ, ‘ರಾತ್ರಿ’ ಹೆಚ್ಚು. ನಿದ್ದೆಯಲ್ಲಿ ಬಿಪಿ ಇಳಿಯುವ ಬದಲು ಏರುತ್ತಿದೆ ಅಂದಂತಾಯಿತು. ಅದು ನಿಜವಾಗಿದ್ದರೆ ಗಂಭೀರ ವಿಷಯವೇ. ಆದರೆ ಯಂತ್ರಕ್ಕೆ ಗೊತ್ತಿದ್ದ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರದ್ದು, ಭಾವನ ರಾತ್ರಿ ಬೇರೆ. ಟೆಕ್ನಿಷಿಯನ್ ಅವನು ಬರೆದ ಹಾಳೆ ನೋಡಿ ನಿದ್ದೆಯ ಹೊತ್ತನ್ನು ನಾಲ್ಕರಿಂದ ಹನ್ನೊಂದು ಅಂತ ತಿದ್ದಿದ ಮೇಲೆ ಚಿತ್ರ ಸರಿಯಾಯಿತು. ಎಚ್ಚರದಲ್ಲಿ 143/92, ನಿದ್ದೆಯಲ್ಲಿ 127/78, ಒಟ್ಟು 139/89. ನಿದ್ದೆಯಲ್ಲಿ ನೂರಕ್ಕೆ 11 ಇಳಿದಿದೆ, ಆ ಲಯಕ್ಕೆ ತೊಂದರೆಯಿಲ್ಲ. ಆದರೆ ಮೂರೂ ಗೆರೆ ದಾಟಿದೆ. ರಾತ್ರಿ ಒಂಬತ್ತರಿಂದ ಒಂದರವರೆಗಿನ ಅಳತೆಗಳು ಹೆಚ್ಚಿನವು 150ರ ಆಸುಪಾಸು. ಶಿಫ್ಟಿನಲ್ಲಿ ದುಡಿಯುವ ಯಾರಾದರೂ ಈ ಪರೀಕ್ಷೆ ಮಾಡಿಸಿದರೆ ನೆನಪಿಡಬೇಕಾದ್ದು ಇದೊಂದೇ. ಹಾಳೆಯಲ್ಲಿ ಮಲಗಿದ ಹೊತ್ತು ಬರೆಯದಿದ್ದರೆ ವರದಿಗೆ ಅರ್ಥವಿಲ್ಲ.

ಒಂದು ದಿನದ ಲೆಕ್ಕವೂ ಕೊನೆಗೆ ಒಂದು ದಿನದ್ದೇ. ಡಬ್ಬಿಯ ಕಾಟಕ್ಕೆ ನಿದ್ದೆ ಬಾರದಿದ್ದರೆ ರಾತ್ರಿಯ ಸಂಖ್ಯೆ ಹೆಚ್ಚು ಬರಬಹುದು. ಫಲಿತಾಂಶ ಗೆರೆಯ ಮೇಲೇ ನಿಂತರೆ ಇನ್ನೊಂದು ದಿನ ಮಾಡಿದಾಗ ಈಚೆಗೋ ಆಚೆಗೋ ವಾಲಬಹುದು. ಅದಕ್ಕೇ ಭಾವನಿಗೆ ಮಾತ್ರೆ ಕೊಡುವ ಮೊದಲು ಒಂದು ವಾರ ಮನೆಯಲ್ಲಿ ಅಳೆಯಲು ಹೇಳಿದರು. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರದಲ್ಲಿ, ಎದ್ದ ಮೇಲೆ ಎರಡು ಸಲ, ಮಲಗುವ ಮೊದಲು ಎರಡು ಸಲ, ಪ್ರತಿ ಸಲ ಐದು ನಿಮಿಷ ಸುಮ್ಮನೆ ಕೂತು. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಬೇಕು. ಅದಕ್ಕೂ ಗೆರೆ 135/85. ಅವನದ್ದು 139/89 ಬಂತು. ಮಾತ್ರೆ ಶುರುವಾಯಿತು, ಸಿಗರೇಟಿನ ಮಾತುಕತೆ ಇನ್ನೂ ನಡೆಯುತ್ತಿದೆ.

ಇನ್ನು ಈ ಪರೀಕ್ಷೆ ಎಲ್ಲರಿಗೂ ಯಾಕಿಲ್ಲ ಅನ್ನುವ ಪ್ರಶ್ನೆ. ಇಂಗ್ಲೆಂಡಿನ ನೈಸ್ ಸಂಸ್ಥೆ 2011ರಲ್ಲೇ ನಿಯಮ ಬದಲಿಸಿತು. ಕ್ಲಿನಿಕ್ಕಿನಲ್ಲಿ 140/90 ದಾಟಿದರೆ, ರೋಗ ಖಚಿತಪಡಿಸುವ ಮೊದಲು ಯಂತ್ರ ಕಟ್ಟಿ ನೋಡಿ ಅಂತ. ಬೇಡದ ಮಾತ್ರೆಗಳ ಖರ್ಚು ಉಳಿಯುವುದರಿಂದ ಇದೇ ಕಡಿಮೆ ಖರ್ಚಿನ ದಾರಿ ಅಂತಲೂ ಅವರ ಲೆಕ್ಕ ತೋರಿಸಿತ್ತು. ಇಲ್ಲಿ ಹಾಗಲ್ಲ. ಬೆಳ್ತಂಗಡಿಯವರಿಗೆ ಮಂಗಳೂರು ಸುಮಾರು ಅರವತ್ತು ಕಿಲೋಮೀಟರ್, ಡಬ್ಬಿ ಕಟ್ಟಿಸಲು ಒಂದು ದಿನ, ವಾಪಸು ಕೊಡಲು ಇನ್ನೊಂದು. ದಿನಗೂಲಿ ಮಾಡುವವರಿಗೆ ಅದು ಎರಡು ದಿನದ ಸಂಬಳ. ಅಂಥವರಿಗೆ ಮನೆಯ ಯಂತ್ರದ ಒಂದು ವಾರದ ಲೆಕ್ಕವೇ ಹತ್ತಿರದ ದಾರಿ. ನಿದ್ದೆಯ ಬಿಪಿ ಅದರಲ್ಲಿ ಸಿಗುವುದಿಲ್ಲ, ಆದರೆ ವೈಟ್ ಕೋಟೋ ಮುಸುಕೋ ಅನ್ನುವ ಮೊದಲ ಸುಳಿವು ಸಿಗುತ್ತದೆ.

ಮಿಲಾನಿನ ಆ ನಳಿಗೆಯಿಂದ ಸೊಂಟದ ಡಬ್ಬಿಯವರೆಗೆ ವೈದ್ಯರು ಕಲಿತದ್ದನ್ನು ಒಂದೇ ಮಾತಲ್ಲಿ ಹೇಳಬಹುದು. ಅಪ್ಪ ಪಿಕರಿಂಗ್ ಗೆರೆ ನಾವೇ ಎಳೆದದ್ದು ಅಂದ, ಮಗ ಪಿಕರಿಂಗ್ ಆ ಗೆರೆಯ ಯಾವ ಬದಿಗೆ ಬೀಳುತ್ತೀರಿ ಅನ್ನುವುದು ಎಲ್ಲಿ ಕೂತು ಅಳೆದಿರಿ ಅನ್ನುವುದರ ಮೇಲೆ ನಿಂತಿದೆ ಅಂದ. ಮುಂದಿನ ಸಲ ಕಂಪೆನಿಯ ಹೆಲ್ತ್ ಚೆಕಪ್ಪಿನ ಹಾಳೆಯಲ್ಲಿ 150 ಅಂತ ಕಂಡರೆ ಗಾಬರಿಯಾಗುವ ಮೊದಲು, 128 ಅಂತ ಕಂಡರೆ ನಿರಾಳವಾಗುವ ಮೊದಲು, ಡಾಕ್ಟರ ಹತ್ತಿರ ಒಂದು ಪ್ರಶ್ನೆ ಕೇಳಿ: ಇದು ಇಲ್ಲಿಯ ಲೆಕ್ಕ, ಹೊರಗಿನದ್ದು ಎಷ್ಟಿರಬಹುದು?